ಡಿಗ್ರಿ ಮುಗಿದು ಒಂದೂವರೆ ವರ್ಷ, ಕೈಯಲ್ಲಿ ಮೂರು ತಿಂಗಳು: ಯಾವ ಒಂದು ಕೆಲಸ ಕಲಿತರೆ ದುಡ್ಡು ಹುಟ್ಟುತ್ತೆ?

ಸೋಮವಾರಪೇಟೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಮುಗಿಸಿ ಒಂದೂವರೆ ವರ್ಷ ಆಯ್ತು. ಬೆಂಗಳೂರಲ್ಲಿ ಕಾಲ್ ಸೆಂಟರ್‌ನಲ್ಲಿ ಐದು ತಿಂಗಳು ಇದ್ದೆ. ಅಪ್ಪನಿಗೆ ಆಪರೇಷನ್ ಆದ ಮೇಲೆ ಊರಿಗೆ ಬಂದೆ, ಇನ್ನು ವಾಪಸ್ ಹೋಗೋ ಹಾಗಿಲ್ಲ. ಎರಡು ಎಕರೆ ಕಾಫಿ ಇದೆ, ಅದು ಮನೆಗೆ ಸಾಕು, ತಂಗಿಯ ಓದಿಗೆ ಸಾಲಲ್ಲ.

ಈಗ ಫೆಬ್ರವರಿ. ಮೇ ತಿಂಗಳ ಹೊತ್ತಿಗೆ ತಿಂಗಳಿಗೆ ಒಂದಿಷ್ಟು ಕೈಗೆ ಬರಲೇಬೇಕು. ನನ್ನ ಹತ್ತಿರ ಇರೋದು 25,000 ರೂಪಾಯಿ, ಒಂದು ಹಳೇ ಬೈಕು. ಮೂರು ದಾರಿ ಯೋಚಿಸಿದ್ದೀನಿ. ಒಂದು, ಟ್ಯಾಲಿ ಕಲಿತು ಅಂಗಡಿ ಲೆಕ್ಕ ನೋಡ್ಕೊಳ್ಳೋದು. ಎರಡು, ಆನ್‌ಲೈನ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸು, ಫೀಸು 18,000 ಹೇಳ್ತಿದ್ದಾರೆ. ಮೂರು, ಮಾವ ಹೇಳಿದ್ದು: ವೀಡ್ ಕಟರ್, ಗರಗಸದ ಮಿಷನ್, ಸ್ಪ್ರೇಯರ್ ರಿಪೇರಿ ಕಲಿ ಅಂತ. ಅಮ್ಮನಿಗೆ ಮೂರನೇದು ಇಷ್ಟ ಇಲ್ಲ. ಓದಿಸಿದ್ದು ಕೈಗೆ ಗ್ರೀಸ್ ಮೆತ್ತಿಕೊಳ್ಳೋಕಾ ಅಂತಾರೆ.

ಮೂರರಲ್ಲಿ ಒಂದನ್ನೇ ಹಿಡೀಬೇಕು. ಅನುಭವ ಇರೋರು ಹೇಳಿ.

ಮಳೆಹುಡುಗಿ

ಡಿಜಿಟಲ್ ಮಾರ್ಕೆಟಿಂಗಿಗೆ 18,000 ಕೊಡಬೇಡಿ ದಯವಿಟ್ಟು. ನಾನು ಕೊಟ್ಟವಳು. ಮೂರು ತಿಂಗಳು ವಿಡಿಯೋ ನೋಡಿದೆ, ಸರ್ಟಿಫಿಕೇಟ್ ಬಂತು. ಎರಡು ಹೋಂಸ್ಟೇಗೆ ಪೇಜ್ ಮಾಡಿಕೊಟ್ಟೆ. ಒಬ್ಬರು 2,000 ಕೊಟ್ಟರು, ಇನ್ನೊಬ್ಬರು ಅವರ ಮಗನೇ ನೋಡ್ಕೊಳ್ತಾನೆ ಅಂದರು. ಕೆಲಸ ಕೆಟ್ಟದ್ದಲ್ಲ. ಆದರೆ ಮೂರು ತಿಂಗಳಿಗೆ ದುಡ್ಡು ಕೊಡೋ ಕೆಲಸ ಅಲ್ಲ.

ಪೊನ್ನಂಪೇಟೆಯವ

ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದಿ ಬ್ರದರ್. ಬಿಎಸ್ಸಿ ಆಗಿದೆಯಲ್ಲ. ಮೈಸೂರಲ್ಲಿ ಒಳ್ಳೇ ಕೋಚಿಂಗ್ ಇದೆ.

ಸೋಮವಾರಪೇಟೆ ಹುಡುಗ

@ಪೊನ್ನಂಪೇಟೆಯವ ಅಣ್ಣ, ಎರಡು ಸಲ ಬರೆದಿದ್ದೀನಿ. ಈಗ ಕೇಳ್ತಿರೋದು ಮೇ ತಿಂಗಳಿಗೆ ದುಡಿಮೆ ಶುರುವಾಗೋ ಕೆಲಸ.

ಕುಶಾಲನಗರ ಲೆಕ್ಕ

ಟ್ಯಾಲಿ ಬಗ್ಗೆ ನಾನು ಹೇಳಬಹುದು, ಒಂಬತ್ತು ವರ್ಷದಿಂದ ಅದೇ ಕೆಲಸ. ಮೂರು ತಿಂಗಳಲ್ಲಿ ಟ್ಯಾಲಿ ಬರುತ್ತೆ, ಅನುಮಾನವಿಲ್ಲ. ಆದರೆ ಅಂಗಡಿಯವರು ದುಡ್ಡು ಕೊಡೋದು ಬಿಲ್ ಎಂಟ್ರಿಗಲ್ಲ. 11ನೇ ತಾರೀಖಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಜಿಎಸ್‌ಟಿ ರಿಟರ್ನ್ ತಪ್ಪಿಲ್ಲದೆ ಹೋಗಬೇಕು, ನೋಟಿಸ್ ಬಂದರೆ ಉತ್ತರ ಕೊಡೋರು ಬೇಕು, ಅದಕ್ಕೆ ಕೊಡ್ತಾರೆ. ಆ ನಂಬಿಕೆ ಹುಟ್ಟೋಕೆ ಯಾರಾದರೂ ಆಡಿಟರ್ ಹತ್ತಿರ ಒಂದು ವರ್ಷ ಕೂರಬೇಕು. ನಾನು ಮೊದಲ ಎಂಟು ತಿಂಗಳು 7,000 ಸಂಬಳಕ್ಕೆ ಕೂತಿದ್ದೆ.

ಆದರೂ ನನ್ನ ಓಟು ಟ್ಯಾಲಿಗೇ. ಮಳೆಗಾಲ, ಬೇಸಿಗೆ ಅಂತ ನಿಲ್ಲಲ್ಲ, ಐವತ್ತು ವರ್ಷದವರೆಗೂ ಕೂತು ಮಾಡಬಹುದು. ಮಿಷನ್ ರಿಪೇರಿ ಮಾಡೋರ ಸೊಂಟ, ಬೆನ್ನು ನೋಡಿದ್ದೀನಿ.

ನಾಪೋಕ್ಲು ತೋಟದಕ್ಕ

ನಾನು ರಿಪೇರಿ ಮಾಡಿಸೋ ಕಡೆಯವಳು. ಅದರ ಕಷ್ಟ ಹೇಳ್ತೀನಿ ಕೇಳಿ.

ನಮ್ಮಲ್ಲಿ ಮೂರು ವೀಡ್ ಕಟರ್ ಇದೆ, ಓಡ್ತಿರೋದು ಒಂದು. ಹೋದ ವರ್ಷ ಜೂನ್ ಮೊದಲ ವಾರ ಕಾಡು ಹೊಡೆಸೋಕೆ ಇಬ್ಬರನ್ನು ಕರೆಸಿದ್ದೆ. ಬೆಳಿಗ್ಗೆ ಎಂಟೂವರೆಗೆ ಒಂದು ಮಿಷನ್ ನಿಂತಿತು. ಜೀಪಲ್ಲಿ ಹಾಕ್ಕೊಂಡು ಪೇಟೆಗೆ ಹೋದರೆ ಅಂಗಡಿ ಮುಂದೆ ಇಪ್ಪತ್ತು ಮಿಷನ್ ಸಾಲಾಗಿ ಇಟ್ಟಿದ್ದಾರೆ, ಚೀಟಿ ಕಟ್ಟಿ. ನಮ್ಮದು ಸಿಕ್ಕಿದ್ದು ಹನ್ನೆರಡು ದಿನಕ್ಕೆ. ಅಷ್ಟರಲ್ಲಿ ಮಳೆ ಹಿಡೀತು, ಗೊಬ್ಬರ ಹಾಕೋದು ತಪ್ಪಿತು. ಬಿಲ್ಲು 450 ರೂಪಾಯಿ. ಆ 450ರ ಕೆಲಸಕ್ಕೆ ನನಗೆ ಆದ ನಷ್ಟ ಎಷ್ಟು ಅಂತ ಲೆಕ್ಕ ಹಾಕೋಕೂ ಹೋಗಿಲ್ಲ.

ತೋಟಕ್ಕೇ ಬಂದು ನೋಡೋ ಹುಡುಗ ಇದ್ದರೆ ನಾನು ಅದರ ಎರಡರಷ್ಟು ಕೊಡ್ತೀನಿ. ನಮ್ಮ ಸುತ್ತಲಿನ ಹತ್ತು ಮನೆಯವರೂ ಕೊಡ್ತಾರೆ. ಅಮ್ಮನಿಗೆ ಹೇಳಪ್ಪ, ಗ್ರೀಸ್ ಸೋಪು ಹಾಕಿದರೆ ಹೋಗುತ್ತೆ.

ಸುಂಟಿಕೊಪ್ಪ ಸ್ಪೀಡ್

ಇದಕ್ಕೆ ಮೂರು ತಿಂಗಳು ಯಾಕೆ, ಹದಿನೈದು ದಿನ ಸಾಕು. ನಾನೇ ನಮ್ಮ ಮಿಷನ್ನು, ಪಕ್ಕದವರದ್ದು ಮಾಡ್ತೀನಿ. ಪ್ಲಗ್ ಬಿಚ್ಚಿ ಉಜ್ಜಬೇಕು, ಕಾರ್ಬೊರೇಟರ್‌ಗೆ ಪೆಟ್ರೋಲ್ ಹಾಕಿ ಗಾಳಿ ಹೊಡೀಬೇಕು. ಪಿಕಪ್ ಬರಲಿಲ್ಲ ಅಂದರೆ ಕಾರ್ಬೊರೇಟರ್‌ನ ಎಚ್ ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿದರೆ ಮಿಷನ್ ಕೂಗುತ್ತೆ. ನೂರಕ್ಕೆ ಎಂಬತ್ತು ಮಿಷನ್ ಇಷ್ಟರಲ್ಲೇ ಸರಿಹೋಗುತ್ತೆ.

ಗೋಣಿಕೊಪ್ಪ ವರ್ಕ್‌ಶಾಪ್

ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೀನಿ. ಸುಂಟಿಕೊಪ್ಪದವರು ಹೇಳಿದ್ದರಲ್ಲಿ ಪ್ಲಗ್ಗು, ಗಾಳಿ ಸರಿ. ಸ್ಕ್ರೂ ವಿಷಯ ತಪ್ಪು, ಅದೂ ದುಬಾರಿ ತಪ್ಪು.

ಎಚ್ ಸ್ಕ್ರೂ ಒಳಗೆ ಹೋದರೆ ಪೆಟ್ರೋಲ್ ಕಮ್ಮಿ ಆಗುತ್ತೆ, ಗಾಳಿ ಜಾಸ್ತಿ ಆಗುತ್ತೆ. ಮಿಷನ್ ಜೋರಾಗಿ ಕೂಗುತ್ತೆ ನಿಜ, ಗಿರಾಕಿಗೂ ಖುಷಿ. ಆದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಹೋಗೋದು ಆ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿ ಅಂದರೆ ಆಯಿಲ್ಲೂ ಕಮ್ಮಿ, ಮೇಲಿಂದ ಬಿಸಿ ಜಾಸ್ತಿ. ಒಂದು ವಾರದೊಳಗೆ ಪಿಸ್ಟನ್ ಕಚ್ಚುತ್ತೆ. ಆಗ ಅದು ನನ್ನ ಅಂಗಡಿಗೆ ಬರುತ್ತೆ, 300ರ ಕೆಲಸ 2,500ಕ್ಕೆ ಹೋಗಿರುತ್ತೆ.

ಪಿಕಪ್ ಇಲ್ಲ ಅಂದರೆ ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ. ಅದರ ಬಾಯಲ್ಲಿ ಸಣ್ಣ ಜಾಲರಿ ಇರುತ್ತೆ, ಮಸಿ ಕಟ್ಟಿರುತ್ತೆ. ಹೊಗೆ ಹೋಗೋಕೆ ದಾರಿ ಇಲ್ಲದಿದ್ದರೆ ಇಂಜಿನ್ ಸ್ಟಾರ್ಟ್ ಆಗುತ್ತೆ, ನಿಧಾನಕ್ಕೆ ಓಡುತ್ತೆ, ಎಕ್ಸಲೇಟರ್ ಕೊಟ್ಟರೆ ಏಳಲ್ಲ. ಸೈಲೆನ್ಸರ್ ಬಿಚ್ಚಿದ ತೂತಲ್ಲಿ ಟಾರ್ಚ್ ಬಿಟ್ಟು ಹಗ್ಗ ನಿಧಾನಕ್ಕೆ ಎಳೆದರೆ ಪಿಸ್ಟನ್ ಮೈ ಕಾಣುತ್ತೆ. ನುಣ್ಣಗಿದ್ದರೆ ಭಯ ಇಲ್ಲ. ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದಿದ್ದರೆ ಕಚ್ಚಿದೆ ಅಂತ ಅರ್ಥ. ಅಂಥದ್ದಕ್ಕೆ ಕಾರ್ಬೊರೇಟರ್ ತೊಳೆದು ದುಡ್ಡು ತಗೊಂಡರೆ ನಾಳೆ ಅದೇ ಗಿರಾಕಿ ಪೇಟೆಯಲ್ಲಿ ನಿಲ್ಲಿಸಿ ಕೇಳ್ತಾನೆ. ಇದನ್ನು ನೋಡೋಕೆ ಎರಡು ನಿಮಿಷ ಸಾಕು.

ಹದಿನೈದು ದಿನದಲ್ಲಿ ಬಿಚ್ಚೋದು ಬರುತ್ತೆ. ಬಿಚ್ಚೋಕೆ ಮುಂಚೆ ಏನು ಕೆಟ್ಟಿದೆ ಅಂತ ಹೇಳೋದು ಬರಲ್ಲ. ಮೂರು ತಿಂಗಳು ಬೇಕಾಗೋದು ಅದಕ್ಕೆ.

ಸುಂಟಿಕೊಪ್ಪ ಸ್ಪೀಡ್

ಸರಿ ಅಣ್ಣ, ಸ್ಕ್ರೂ ವಿಷಯ ಒಪ್ಕೊಂಡೆ. ನಮ್ಮದೂ ಒಂದು ಹಾಗೇ ಕಚ್ಚಿತ್ತು, ಆಯಿಲ್ ಕಂಪೆನಿ ಸರಿ ಇಲ್ಲ ಅಂತ ಅಂದ್ಕೊಂಡಿದ್ದೆ. ಆವಾಗಿಂದ ಆಯಿಲ್ ಜಾಸ್ತಿ ಹಾಕ್ತೀನಿ. ಜಾಸ್ತಿ ಹಾಕಿದರೆ ಸೇಫ್ ಅಲ್ವಾ?

ಗೋಣಿಕೊಪ್ಪ ವರ್ಕ್‌ಶಾಪ್

@ಸುಂಟಿಕೊಪ್ಪ ಸ್ಪೀಡ್ ಜಾಸ್ತಿ ಹಾಕಿದರೆ ಕಚ್ಚಲ್ಲ, ಆದರೆ ಮಸಿ ಕಟ್ಟುತ್ತೆ. ಮತ್ತೆ ಅದೇ ಜಾಲರಿ ಮುಚ್ಚುತ್ತೆ. ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದೇ. ಸ್ಟಿಲ್ ಕಂಪೆನಿಯವರು ತಮ್ಮದೇ ಟೂ ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಎಂಎಲ್, ಬೇರೆ ಕಂಪೆನಿದು ಆದರೆ 40 ಎಂಎಲ್ ಅಂತಾರೆ. ಎಲ್ಲಾ ಮಿಷನ್ನಿಗೂ ಒಂದೇ ಲೆಕ್ಕ ಇಲ್ಲ.

ಹೋಂಡಾದ ಫೋರ್ ಸ್ಟ್ರೋಕ್‌ಗೆ ಪೆಟ್ರೋಲಲ್ಲಿ ಆಯಿಲ್ ಬೆರೆಸಲೇಬಾರದು, ಅದರ ಆಯಿಲ್ ಬೇರೆ ಕಡೆ ಇರುತ್ತೆ. ತೋಟದಲ್ಲಿ ಎರಡೂ ಥರದ್ದು ಇದ್ದರೆ ಕ್ಯಾನ್ ಅದಲುಬದಲಾಗಿಯೇ ಆಗುತ್ತೆ. ಬರೀ ಪೆಟ್ರೋಲ್ ಟೂ ಸ್ಟ್ರೋಕ್‌ಗೆ ಹೋದರೆ ಅರ್ಧ ಟ್ಯಾಂಕ್ ಮುಗಿಯೋದರೊಳಗೆ ಕಥೆ ಮುಗೀತು. ನಾನು ಗಿರಾಕಿಗಳ ಕ್ಯಾನಿಗೆ ಕೆಂಪು ಬಟ್ಟೆ, ಬಿಳಿ ಬಟ್ಟೆ ಕಟ್ಟಿಕೊಡ್ತೀನಿ.

ಶನಿವಾರಸಂತೆ ಬಾಣೆ

ಎಲ್ಲಕ್ಕೂ ಕಾರಣ ಈ ಎಥೆನಾಲ್ ಪೆಟ್ರೋಲು. ಮೊದಲು ಮಿಷನ್ ಹತ್ತು ವರ್ಷ ಬರ್ತಿತ್ತು. ಈಗ ರಬ್ಬರೆಲ್ಲ ಕೊಳೆಯುತ್ತೆ. ಇದನ್ನು ಯಾರೂ ಮಾತಾಡಲ್ಲ.

ಗೋಣಿಕೊಪ್ಪ ವರ್ಕ್‌ಶಾಪ್

ಅರ್ಧ ಸತ್ಯ. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇದೆ, ಅದು ನೀರು ಎಳೆಯುತ್ತೆ, ನಮ್ಮ ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಕಾರ್ಬೊರೇಟರ್ ಒಳಗಿನ ಡಯಾಫ್ರಮ್, ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರುಸಾಗುತ್ತೆ. ಆದರೆ ವಾರ ವಾರ ಓಡೋ ಮಿಷನ್ನಿಗೆ ಇಷ್ಟು ತೊಂದರೆ ಕಾಣಲ್ಲ. ಜೂನಲ್ಲಿ ಅರ್ಧ ಟ್ಯಾಂಕ್ ಹಾಗೇ ಬಿಟ್ಟು ಸ್ಟೋರಲ್ಲಿ ಇಟ್ಟು, ಸೆಪ್ಟೆಂಬರಲ್ಲಿ ಹಗ್ಗ ಎಳೆದರೆ ಏನಾಗಬೇಕು? ಇಡೋ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲೋವರೆಗೆ ಓಡಿಸಿ. ಡಯಾಫ್ರಮ್ ಬೆರಳಲ್ಲಿ ಮುಟ್ಟಿ ನೋಡಿ, ಬಟ್ಟೆ ಥರ ಮೆತ್ತಗಿರಬೇಕು. ಹಪ್ಪಳದ ಥರ ಸದ್ದು ಬಂದರೆ ಎಸೆದು ಹೊಸ ಕಿಟ್ ಹಾಕಿ.

ಶನಿವಾರಸಂತೆ ಬಾಣೆ

ನಾನು ವಾರಕ್ಕೊಮ್ಮೆ ಓಡಿಸ್ತೀನಿ, ಆದರೂ ಎರಡು ವರ್ಷಕ್ಕೆ ಮೂರು ಕಿಟ್ ಹಾಕಿಸಿದೆ. ನಿಮ್ಮ ಮಾತು ಪೂರ್ತಿ ಒಪ್ಪಲ್ಲ.

ಸೋಮವಾರಪೇಟೆ ಹುಡುಗ

ಎಲ್ಲಾ ಓದ್ತಿದ್ದೀನಿ. ಗೋಣಿಕೊಪ್ಪದ ಅಣ್ಣ, ಎರಡು ಪ್ರಶ್ನೆ. ಇದನ್ನು ಎಲ್ಲಿ ಕಲಿಯೋದು? ಇಲ್ಲೊಂದು ಅಂಗಡಿಯಲ್ಲಿ ಕೇಳಿದೆ. ಬಾ, ಆದರೆ ಆರು ತಿಂಗಳು ತೊಳೆಯೋದು, ಒರೆಸೋದು ಮಾತ್ರ ಅಂದರು. ಎರಡನೇದು, ಮೇ ತಿಂಗಳಲ್ಲಿ ನಿಜವಾಗಿ ಎಷ್ಟು ಸಿಗಬಹುದು? ಸುಳ್ಳು ಭರವಸೆ ಬೇಡ.

ಗೋಣಿಕೊಪ್ಪ ವರ್ಕ್‌ಶಾಪ್

ಅಂಗಡಿಯವರನ್ನೂ ಬೈಬೇಡಿ. ಕಲಿತವನು ಎದುರಿಗೇ ಅಂಗಡಿ ಹಾಕ್ತಾನೆ ಅನ್ನೋ ಭಯ ಅವರಿಗೆ. ನಾನಾದರೆ ಹೀಗೆ ಮಾಡ್ತೀನಿ.

ಮೊದಲು ಗುಜರಿಯಲ್ಲೋ, ಯಾರದ್ದಾದರೂ ಸ್ಟೋರಲ್ಲೋ ಬಿದ್ದಿರೋ ಒಂದು ಟೂ ಸ್ಟ್ರೋಕ್ ಮಿಷನ್ ತಗೊಳ್ಳಿ, 1,500 ಒಳಗೆ ಸಿಗುತ್ತೆ. ಅದನ್ನು ಪೂರ್ತಿ ಬಿಚ್ಚಿ, ಪ್ರತಿ ಹೆಜ್ಜೆಗೂ ಫೋಟೋ ತೆಗೆದು, ವಾಪಸ್ ಜೋಡಿಸಿ. ಹತ್ತು ಸಲ. ಮೊದಲ ಮೂರು ಸಲ ಏನಾದರೂ ಒಂದು ಉಳಿಯುತ್ತೆ. ಹತ್ತನೇ ಸಲ ಕಣ್ಣು ಮುಚ್ಚಿ ಜೋಡಿಸ್ತೀರಿ. ಅದೇ ತಿಂಗಳು ಅಂಗಡಿಗೆ ಅರ್ಧ ದಿನ ಹೋಗಿ, ತೊಳೀರಿ, ಒರೆಸಿ, ಪರವಾಗಿಲ್ಲ. ಬಂದ ಪ್ರತಿ ಮಿಷನ್ನಿಗೂ ಗಿರಾಕಿ ಏನು ಹೇಳಿದ, ಕೊನೆಗೆ ಏನು ಕೆಟ್ಟಿತ್ತು, ಎರಡನ್ನೂ ನೋಟ್‌ಬುಕ್ಕಲ್ಲಿ ಬರೀರಿ. ನೂರು ಮಿಷನ್ ಆಗೋ ಹೊತ್ತಿಗೆ ಆ ಬುಕ್ಕೇ ನಿಮ್ಮ ಗುರು. ಡಿಗ್ರಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ, ನಮ್ಮ ಹುಡುಗರು ಯಾರೂ ಬರೆಯಲ್ಲ.

ಎರಡನೇ ತಿಂಗಳು ಕಾರ್ಬೊರೇಟರ್ರು, ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲು. ಮೂರನೇ ತಿಂಗಳು ಪಿಸ್ಟನ್ನು, ಗೇರ್ ಹೆಡ್ಡು. ಗರಗಸದ ಚೈನ್ ಅರ ಹಿಡಿಯೋದು ಮಾತ್ರ ಮೊದಲ ವಾರದಿಂದಲೇ ಕಲೀರಿ, ದುಡ್ಡು ಮೊದಲು ಬರೋದು ಅದರಿಂದ. ಅರ, ಅದರ ಹಿಡಿ ಎಲ್ಲಾ ಸೇರಿ ಸಾವಿರ ರೂಪಾಯಿ ಒಳಗೆ. ಚೈನಿನ ಅಳತೆಗೆ ಸರಿಯಾದ ದಪ್ಪದ ಅರ ತಗೊಳ್ಳಿ, ಎಲ್ಲದಕ್ಕೂ ಒಂದೇ ಹಾಕಿದರೆ ಹಲ್ಲು ಕೆಡುತ್ತೆ. ಎಡ ಬಲ ಎರಡೂ ಕಡೆ ಹಲ್ಲು ಒಂದೇ ಉದ್ದ ಇರಬೇಕು, ಇಲ್ಲಾಂದರೆ ಗರಗಸ ಮರದಲ್ಲಿ ಓರೆಯಾಗಿ ಓಡುತ್ತೆ. ಮರದಿಂದ ಚಕ್ಕೆ ಬಿದ್ದರೆ ಅರ ಸರಿ ಬಿದ್ದಿದೆ. ಹಿಟ್ಟು ಉದುರಿದರೆ ಮೊಂಡು.

ದುಡ್ಡಿನ ಮಾತು. ಸ್ಪ್ಯಾನರ್ ಸೆಟ್ಟು, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜು, ಅರ, ಒಂದಿಷ್ಟು ಡಯಾಫ್ರಮ್ ಕಿಟ್ಟು, ಪ್ಲಗ್ಗು, ಪೈಪು, ಫಿಲ್ಟರು, ಎಲ್ಲಾ ಸೇರಿ 10,000ದಿಂದ 12,000. ನಿಮ್ಮ 25,000ದಲ್ಲಿ ಉಳಿಯುತ್ತೆ, ಉಳಿಸಿಯೇ ಇಡಿ. ನನ್ನಲ್ಲಿ ಸಾದಾ ಸರ್ವಿಸಿಗೆ 350 ಕೂಲಿ. ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ನೀವು ಮನೆಮನೆಗೆ ಹೋಗಿ ದಿನಕ್ಕೆ ಮೂರು ಮಾಡಿದರೂ ಸಾವಿರ ಆಗುತ್ತೆ. ಜುಲೈ ಹೊತ್ತಿಗೆ ಅದು ವಾರಕ್ಕೆ ಮೂರಕ್ಕೆ ಇಳಿಯುತ್ತೆ. ಇದನ್ನು ಯಾರೂ ನಿಮಗೆ ಹೇಳಲ್ಲ, ನಾನು ಹೇಳ್ತಿದ್ದೀನಿ. ಆಗಸ್ಟ್ ಕೊನೆಗೆ ಮಳೆ ಬಿಟ್ಟಾಗ ಮತ್ತೆ ಕಾಡು ಹೊಡೆಯೋದು, ಬೋರ್ಡೋ ಸ್ಪ್ರೇ ಶುರು. ಫೆಬ್ರವರಿ ಮಾರ್ಚಲ್ಲಿ ರೋಬಸ್ಟಾ ಹೂವಿಗೆ ನೀರು ಹಾಯಿಸೋ ಪಂಪು. ಮಧ್ಯದ ಖಾಲಿ ತಿಂಗಳಿಗೆ ದುಡ್ಡು ತೆಗೆದಿಡದಿದ್ದರೆ ಜುಲೈಯಲ್ಲಿ ಸ್ಪ್ಯಾನರ್ ಮಾರಬೇಕಾಗುತ್ತೆ.

ಕುಶಾಲನಗರ ಲೆಕ್ಕ

ನಾನು ಹೇಳಿದ್ದೂ ಇದನ್ನೇ. ಜುಲೈಯಲ್ಲಿ ತಂಗಿಯ ಫೀಸು ಕಟ್ಟೋ ಸಮಯ, ಆಗಲೇ ಕೆಲಸ ಇಲ್ಲ. ಟ್ಯಾಲಿಯಲ್ಲಿ 10,000 ಬಂದರೂ ಪ್ರತಿ ತಿಂಗಳು ಬರುತ್ತೆ.

ನಾಪೋಕ್ಲು ತೋಟದಕ್ಕ

@ಕುಶಾಲನಗರ ಲೆಕ್ಕ ಅಕ್ಕ, ಆ ಹತ್ತು ಸಾವಿರದ ಕೆಲಸ ಸೋಮವಾರಪೇಟೆಯಲ್ಲಿ ಎಷ್ಟು ಜನಕ್ಕಿದೆ? ಇರೋ ಅಂಗಡಿಗಳಿಗೆಲ್ಲ ಆಗಲೇ ಯಾರೋ ಲೆಕ್ಕದವರು ಇದ್ದಾರೆ. ಕೆಟ್ಟ ಮಿಷನ್ ಮಾತ್ರ ಪ್ರತಿ ಸ್ಟೋರಲ್ಲೂ ಇದೆ.

ಕುಶಾಲನಗರ ಲೆಕ್ಕ

ಅದು ನಿಜ, ಸೋಮವಾರಪೇಟೆ ಬಗ್ಗೆ ನನಗೆ ಗೊತ್ತಿಲ್ಲ. ನಮ್ಮ ಕಡೆ ಈಗಲೂ ಹುಡುಕ್ತಾರೆ.

ಮಡಿಕೇರಿ ಮಂಜು

ಬ್ಯಾಟರಿ ಮಿಷನ್ ಬರ್ತಿದೆ ಗಮನಿಸಿದ್ದೀರಾ? ಪ್ಲಗ್ಗಿಲ್ಲ, ಕಾರ್ಬೊರೇಟರ್ ಇಲ್ಲ. ಇನ್ನೈದು ವರ್ಷಕ್ಕೆ ಈ ಕೆಲಸ ಇರುತ್ತಾ?

ಗೋಣಿಕೊಪ್ಪ ವರ್ಕ್‌ಶಾಪ್

ಹೋಂಸ್ಟೇ ಅಂಗಳಕ್ಕೆ ಬ್ಯಾಟರಿ ಬಂದಿದೆ. ಇಳಿಜಾರು ತೋಟದಲ್ಲಿ ದಿನವಿಡೀ ಹೊಡೆಯೋರು ಇನ್ನೂ ಪೆಟ್ರೋಲೇ ಹಿಡೀತಾರೆ, ಮಧ್ಯಾಹ್ನ ಚಾರ್ಜ್ ಮಾಡೋಕೆ ಲೈನ್ ಮನೆಯಲ್ಲಿ ಕರೆಂಟ್ ಇರಬೇಕಲ್ಲ. ಐದು ವರ್ಷದ ಮೇಲೆ ಏನು ಅಂತ ನಾನು ಹೇಳಲಾರೆ.

ಮಳೆಹುಡುಗಿ

ಒಂದು ಮಾತು. ಬ್ಯಾಂಕಿನವರು ನಡೆಸೋ ಆರ್‌ಸೆಟಿ ತರಬೇತಿಯಲ್ಲಿ ಊಟ, ವಸತಿ ಎಲ್ಲಾ ಉಚಿತ. ಮಿಷನ್ ರಿಪೇರಿ ಬ್ಯಾಚ್ ಯಾವಾಗ ಅಂತ ಕೇಳಿ ನೋಡಿ. ಮುಂದೆ ಮುದ್ರಾ ಸಾಲಕ್ಕೂ ಆ ಸರ್ಟಿಫಿಕೇಟ್ ಉಪಯೋಗ ಆಗುತ್ತೆ. ಶಿಶು ಯೋಜನೆಯಲ್ಲಿ 50,000ದವರೆಗೆ ಕೊಡ್ತಾರೆ. ಆದರೆ ಮೊದಲ ಮಳೆಗಾಲ ದಾಟೋವರೆಗೆ ಸಾಲ ಮಾಡಬೇಡಿ ಅಂತ ನನ್ನ ಅಭಿಪ್ರಾಯ.

ತೋಟದ ರೈಟರ್

ಇಪ್ಪತ್ತೆರಡು ವರ್ಷದಿಂದ ಎಸ್ಟೇಟ್ ರೈಟರ್ ಆಗಿದ್ದೀನಿ. ದುಡ್ಡು ವಸೂಲಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಕಾಫಿ ಮಾರಿದ ಮೇಲೆ ಕೊಡ್ತೀನಿ ಅನ್ನೋದು ಹಳೇ ರೂಢಿ. ದೊಡ್ಡ ತೋಟದವರು ಮೋಸ ಮಾಡಲ್ಲ, ಆದರೆ ಮೂರು ತಿಂಗಳು ಕಾಯಿಸ್ತಾರೆ. ನೀವು ಪಾರ್ಟ್ಸಿನ ದುಡ್ಡು ಮೊದಲೇ ಕೈಗೆ ತಗೊಳ್ಳಿ, ಕೂಲಿ ಬೇಕಾದರೆ ಬಾಕಿ ಬಿಡಿ. ಪಾರ್ಟ್ಸೂ ಸಾಲ, ಕೂಲಿಯೂ ಸಾಲ ಅಂತ ಬಿಟ್ಟ ಇಬ್ಬರು ಒಳ್ಳೇ ಹುಡುಗರು ಕೆಲಸ ಬಿಟ್ಟು ಹೋಗಿದ್ದನ್ನು ಕಣ್ಣಾರೆ ನೋಡಿದ್ದೀನಿ.

ಇನ್ನೊಂದು, ಬೆಳಿಗ್ಗೆ ತೋಟದೊಳಗೆ ಬೈಕಲ್ಲಿ ಬರೋವಾಗ ಮೊದಲೇ ಫೋನ್ ಮಾಡಿ. ನಮ್ಮ ಕಡೆ ಈಗ ಆನೆ ಒಳಗೇ ಇರುತ್ತೆ.

ಪೊನ್ನಂಪೇಟೆಯವ

ಆನೆ ವಿಷಯ ತೆಗೀಬೇಡಿ ಸರ್, ನಿನ್ನೆ ನಮ್ಮ ಬಾಳೆ ಪೂರ್ತಿ ಹೋಯ್ತು.

ಸೋಮವಾರಪೇಟೆ ಹುಡುಗ

ಏಳು ವಾರ ಆಯ್ತು, ವಿಷಯ ತಿಳಿಸೋಣ ಅಂತ ಬಂದೆ. ಮೂರನೇದನ್ನೇ ಹಿಡಿದೆ. ಗುಜರಿ ಮಿಷನ್ 1,200ಕ್ಕೆ ಸಿಕ್ಕಿತು, ಎಂಟು ಸಲ ಬಿಚ್ಚಿದ್ದೀನಿ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಮನೆ. ನೋಟ್‌ಬುಕ್ಕಲ್ಲಿ 41 ಮಿಷನ್ ಆಗಿದೆ. ಚೈನ್ ಅರ ಹಿಡಿದು ಇದುವರೆಗೆ 2,600 ರೂಪಾಯಿ ಬಂದಿದೆ.

ಈಗ ಒಂದರಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಪಕ್ಕದ ಮನೆ ಮಾಮನ ವೀಡ್ ಕಟರ್. ತಣ್ಣಗಿದ್ದಾಗ ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ, ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಆಗುತ್ತೆ. ಕಾರ್ಬೊರೇಟರ್ ತೊಳೆದೆ, ಫಿಲ್ಟರ್ ಹೊಸದು ಹಾಕಿದೆ. ಅಂಗಡಿಯಲ್ಲಿ ಕಾಯಿಲ್ ಹೋಗಿದೆ, 1,100 ಅಂತಾರೆ. ಮಾಮ ದುಡ್ಡು ಕೊಡೋಕೆ ರೆಡಿ. ಆದರೆ ಕಾಯಿಲ್ ಅಲ್ಲದಿದ್ದರೆ?

ಸುಂಟಿಕೊಪ್ಪ ಸ್ಪೀಡ್

ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿರುತ್ತೆ. ಪೆಟ್ರೋಲ್ ಇಳಿದ ಹಾಗೆ ಒಳಗೆ ಗಾಳಿ ಬರಬೇಕು, ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನ ಹಿಡಿದಿಟ್ಟುಕೊಳ್ಳುತ್ತೆ. ಇದು ನನಗೆ ಗ್ಯಾರಂಟಿ ಗೊತ್ತು.

ಗೋಣಿಕೊಪ್ಪ ವರ್ಕ್‌ಶಾಪ್

ಗ್ಯಾರಂಟಿ ಬೇಡ, ಆದರೆ ಮೊದಲು ನೋಡಬೇಕಾದ್ದು ಅದೇ. ನಿಂತ ಕೂಡಲೇ ಮುಚ್ಚಳ ತಿರುಗಿಸಿ. ಉಸ್ ಅಂತ ಗಾಳಿ ಎಳೆದುಕೊಂಡು, ಆಮೇಲೆ ತಕ್ಷಣ ಸ್ಟಾರ್ಟ್ ಆದರೆ ಸುಂಟಿಕೊಪ್ಪದವರು ಗೆದ್ದರು.

ಆಗಲಿಲ್ಲ ಅಂದರೆ ಮುಚ್ಚಳ ಹಾಕಿ, ಮಿಷನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಮೈ ಇಂಜಿನ್ನಿನ ಲೋಹಕ್ಕೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಹಗ್ಗ ಎಳೀರಿ. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣಲ್ಲ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

ಕಿಡಿ ಇಲ್ಲ ಅಂತಾದರೂ ಕಾಯಿಲ್ ತರಬೇಡಿ. ಕಾಯಿಲ್‌ನಿಂದ ಸ್ಟಾಪ್ ಸ್ವಿಚ್ಚಿಗೆ ಒಂದು ಸಣ್ಣ ವೈರ್ ಹೋಗುತ್ತೆ. ಅದನ್ನು ಕಾಯಿಲ್ ಹತ್ತಿರ ಕಳಚಿ ಓಡಿಸಿ ನೋಡಿ. ಆಗ ಸ್ವಿಚ್ಚಲ್ಲಿ ನಿಲ್ಲಲ್ಲ, ಚೋಕ್ ಹಾಕಿ ನಿಲ್ಲಿಸಬೇಕು. ಬ್ಲೇಡ್ ಬಿಚ್ಚಿಟ್ಟೇ ಈ ಪರೀಕ್ಷೆ ಮಾಡಿ.

ಸೋಮವಾರಪೇಟೆ ಹುಡುಗ

ನಿನ್ನೆ ಸಂಜೆ ಮಾಡಿದೆ. ಮುಚ್ಚಳ ತೆಗೆದರೂ ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಒದ್ದೆ ಇತ್ತು, ಕಿಡಿ ಇಲ್ಲ. ಸರಿ, ಕಾಯಿಲೇ ಅಂತ ಅಂದ್ಕೊಂಡೆ. ಆಮೇಲೆ ನೀವು ಹೇಳಿದ ವೈರ್ ಕಳಚಿದೆ. ನಲವತ್ತು ನಿಮಿಷ ನಿಲ್ಲದೆ ಓಡಿತು.

ಹ್ಯಾಂಡಲ್ ಬಿಚ್ಚಿ ನೋಡಿದರೆ ಎಕ್ಸಲೇಟರ್ ಕೇಬಲ್ ಪಕ್ಕದಲ್ಲಿ ಆ ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಉಜ್ಜಿ, ಒಳಗಿನ ತಾಮ್ರ ಮಿಂಚ್ತಿತ್ತು. ಓಡ್ತಾ ಓಡ್ತಾ ನಡುಗಿ ಪೈಪಿಗೆ ತಾಗುತ್ತೆ, ಸ್ವಿಚ್ ಆಫ್ ಮಾಡಿದ ಹಾಗೇ ಆಗುತ್ತೆ. ನೆಲಕ್ಕೆ ಇಟ್ಟು ಎತ್ತಿದಾಗ ಸರಿಯುತ್ತೆ. ಅದಕ್ಕೇ ಬಿಸಿಗೆ ನಿಲ್ತಿದೆ ಅನ್ನಿಸ್ತಿತ್ತು. ಹೊಸ ವೈರು, ಮೇಲೆ ರಬ್ಬರ್ ಸ್ಲೀವ್, ಒಟ್ಟು ಖರ್ಚು 40 ರೂಪಾಯಿ. ಮಾಮ 400 ಕೊಟ್ಟರು, ಬೇಡ ಅಂದರೂ ಜೇಬಿಗೆ ತುರುಕಿದರು. ಅಮ್ಮ ಅಲ್ಲೇ ನಿಂತು ನೋಡ್ತಿದ್ದರು, ಏನೂ ಹೇಳಲಿಲ್ಲ. ಆಮೇಲೆ ಕೈ ತೊಳೆಯೋಕೆ ಬಿಸಿನೀರು ತಂದಿಟ್ಟರು.

ಗೋಣಿಕೊಪ್ಪ ವರ್ಕ್‌ಶಾಪ್

ನೋಟ್‌ಬುಕ್ಕಲ್ಲಿ ಬರೆದ್ರಾ?

ಸೋಮವಾರಪೇಟೆ ಹುಡುಗ

42ನೇದು, ಬರೆದೆ ಅಣ್ಣ.

ಶನಿವಾರಸಂತೆ ಬಾಣೆ

ತಮ್ಮಾ, ಹಾಗಿದ್ದರೆ ನಮ್ಮಲ್ಲಿಗೊಮ್ಮೆ ಬಾ. ಸ್ಪ್ರೇಯರ್ ಪಂಪಿನ ಕೆಳಗಿಂದ ನೀರು ಸೋರ್ತಿದೆ, ಪ್ರೆಷರ್ ಏರಲ್ಲ. ಸೆಪ್ಟೆಂಬರಲ್ಲಿ ಮೆಣಸಿಗೆ ಬೋರ್ಡೋ ಹೊಡೆದು ಹಾಗೇ ಇಟ್ಟಿದ್ದೆ.

ಗೋಣಿಕೊಪ್ಪ ವರ್ಕ್‌ಶಾಪ್

ತೊಳೆಯದೇ ಇಟ್ಟಿದ್ದೀರಿ ಅಂದರೆ ಬೋರ್ಡೋದಲ್ಲಿರೋ ಸುಣ್ಣ ಗಟ್ಟಿಯಾಗಿ ಪ್ಯಾಕಿಂಗ್ ತಿಂದಿರುತ್ತೆ. ಹುಡುಗನಿಗೆ ಪಂಪ್ ಇನ್ನೂ ಬರಲ್ಲ ಅನ್ಸುತ್ತೆ. ಪ್ಯಾಕಿಂಗ್ ಮಾತ್ರ ಆದರೆ ಮಾಡಬಹುದು, ಒಳಗಿನ ಪ್ಲಂಜರ್ ಗೀರು ಬಿದ್ದಿದ್ದರೆ ಬೇಡ.

ಸೋಮವಾರಪೇಟೆ ಹುಡುಗ

ಪಂಪ್ ಒಂದೂ ಬಿಚ್ಚಿಲ್ಲ ಅಣ್ಣ. @ಶನಿವಾರಸಂತೆ ಬಾಣೆ ಸರ್, ಬಿಚ್ಚಿ ನೋಡೋಕೆ ಬರ್ತೀನಿ, ದುಡ್ಡು ಬೇಡ. ಪ್ಲಂಜರ್ ಮುಟ್ಟಿ ನೋಡಿ ಗೀರು ಇದ್ದರೆ ಹಾಗೇ ಜೋಡಿಸಿ ಕೊಡ್ತೀನಿ. ಶನಿವಾರ ಸಂತೆಗೆ ಹೇಗೂ ಬರೋದಿದೆ, ಹನ್ನೊಂದು ಗಂಟೆಗೆ ಆಗುತ್ತಾ?

ಶನಿವಾರಸಂತೆ ಬಾಣೆ

ಬಾ. ಊಟಕ್ಕೆ ಇಲ್ಲೇ ನಿಲ್ಲಬೇಕು.